ತಂಗಿಯ ಮಗಳಿಗೊಂದು ಲ್ಯಾಪ್‌ಟಾಪ್

ಕಳೆದ ದೀಪಾವಳಿ ಕಳೆದು ಒಂದು ವಾರವಾಗಿತ್ತು. ಬೊರಿವಲಿ ಪೂರ್ವದ ನಮ್ಮ ಮನೆಗೆ ತಂಗಿ ಮತ್ತು ಅವಳ ಮಗಳು ಬಂದಿದ್ದರು. ಹುಡುಗಿ ವಿಲೇಪಾರ್ಲೆಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಐ.ಟಿ. ಎರಡನೇ ವರ್ಷದಲ್ಲಿದ್ದಾಳೆ. ಅಣ್ಣನಿಂದ ಬಂದಿದ್ದ ಅವಳ ಹಳೆಯ ಲ್ಯಾಪ್‌ಟಾಪು ದೀಪಾವಳಿಯ ರಜೆಯಲ್ಲಿ ಕೊನೆಯುಸಿರೆಳೆದಿತ್ತು. ಪ್ರಾಜೆಕ್ಟ್ ಒಪ್ಪಿಸಲು ಐದು ವಾರ ಮಾತ್ರ ಉಳಿದಿತ್ತು.

ಭಾವ ಅಂಧೇರಿಯ ಹೋಟೆಲೊಂದರಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುತ್ತಾರೆ. ಮಗಳಿಗಾಗಿ ಕಂತಿನ ಮೇಲೆ ಅರವತ್ತೈದು ಸಾವಿರದ ಹೊಸ ಯಂತ್ರವೊಂದನ್ನು ಕೊಡಿಸಲು ಅವರು ಸಿದ್ಧರಿದ್ದರು. "ಮಾಮಾ, ಅಪ್ಪ ಒಂದೂವರೆ ವರ್ಷ ಕಂತು ಕಟ್ಟುವುದು ನನಗೆ ಬೇಡ. ಇಪ್ಪತ್ತೈದರ ಒಳಗೆ ಏನಾದರೂ ಆಗುತ್ತದಾ ನೋಡಿ" ಎಂದು ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಕಂಪ್ಯೂಟರ್ ರಿಪೇರಿಯಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಆ ಮಾತು ಹಿಡಿಸಿತು. ಆ ಹುಡುಕಾಟದಲ್ಲಿ ನಾವು ಕೊಂಡ ಯಂತ್ರ ಯಾವುದು, ಅದರ ಗುಣವೇನು, ದೋಷವೇನು ಎಂಬುದನ್ನು ನಮ್ಮ ಯುವ ಮಿತ್ರರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾವು ಆರಿಸಿಕೊಂಡದ್ದು ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ480. ಥಿಂಕ್‌ಪ್ಯಾಡ್ ಎಂಬ ಹೆಸರು ಹಳೆಯದು. 1992ರಲ್ಲಿ ಐ.ಬಿ.ಎಂ. ಅದನ್ನು ಮಾರುಕಟ್ಟೆಗೆ ತಂದಿತು. 2005ರಲ್ಲಿ ಆ ವಿಭಾಗವನ್ನೇ ಲೆನೊವೊ ಕೊಂಡಿತು. ಟಿ480 ಬಂದದ್ದು 2018ರಲ್ಲಿ. ದೊಡ್ಡ ಕಚೇರಿಗಳು ಇಂಥ ಯಂತ್ರಗಳನ್ನು ಸಾವಿರಗಟ್ಟಲೆ ಕೊಂಡು, ಮೂರು ನಾಲ್ಕು ವರ್ಷ ಬಳಸಿ, ಒಟ್ಟಿಗೆ ಮಾರಿಬಿಡುತ್ತವೆ. ಅವನ್ನು ಒರೆಸಿ, ತಿದ್ದಿ, 'ರಿಫರ್ಬಿಶ್ಡ್' ಎಂಬ ಹೆಸರಿನಲ್ಲಿ ಮಾರುವ ಅಂಗಡಿಗಳು ಗ್ರಾಂಟ್‌ರೋಡ್ ನಿಲ್ದಾಣದ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಸಾಲಾಗಿವೆ. ಒಂದು ಶನಿವಾರ ಮಾಮ ಸೊಸೆ ಇಬ್ಬರೂ ಬೊರಿವಲಿಯಿಂದ ಸ್ಲೋ ಲೋಕಲ್ ಹಿಡಿದು ಅಲ್ಲಿಗೆ ಹೋದೆವು.

ವೇಗ: ಹೆಸರು ನೋಡಬೇಡಿ, ಪ್ರೊಸೆಸರ್ ನೋಡಿ

ಮೊದಲ ಅಂಗಡಿಯವನು ಟಿ480 ಕೇಳಿದ್ದಕ್ಕೆ ಟಿ470 ತೆಗೆದಿಟ್ಟು, "ಎರಡೂ ಒಂದೇ ಸಾಬ್, ಇದು ಮೂರು ಸಾವಿರ ಅಗ್ಗ" ಎಂದ. ಹೊರಗಿನಿಂದ ನೋಡಿದರೆ ಅವನ ಮಾತು ನಿಜ, ಎರಡೂ ಅವಳಿಗಳಂತಿವೆ. ಆದರೆ ಒಳಗೆ ದೊಡ್ಡ ವ್ಯತ್ಯಾಸವಿದೆ. ಟಿ470ರಲ್ಲಿ ಇಂಟೆಲ್‌ನ ಆರನೇ ಇಲ್ಲವೇ ಏಳನೇ ಪೀಳಿಗೆಯ, ಎರಡು ಕೋರ್‌ಗಳ ಪ್ರೊಸೆಸರ್ ಇರುತ್ತದೆ. ನಮಗೆ ಬೇಕಾಗಿದ್ದದ್ದು ಎಂಟನೇ ಪೀಳಿಗೆಯ, ನಾಲ್ಕು ಕೋರ್‌ಗಳದ್ದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಇಂಟೆಲ್ ಪ್ರೊಸೆಸರ್‌ಗಳ ಸಾಲು, ಒಂದೆರಡು ಅಪವಾದ ಬಿಟ್ಟರೆ, ಎಂಟನೇ ಪೀಳಿಗೆಯಿಂದಲೇ ಶುರುವಾಗುತ್ತದೆ. ಮೂರು ಸಾವಿರ ಉಳಿಸಲು ಹೋಗಿ ಅದರ ಹಿಂದಿನದನ್ನು ಕೊಂಡರೆ, ಭದ್ರತೆಯ ತಿದ್ದುಪಡಿಗಳಿಗೆ ಖಾತರಿಯಿಲ್ಲದ ಯಂತ್ರವನ್ನು ಮನೆಗೆ ತಂದಂತಾಗುತ್ತದೆ.

ಇದನ್ನು ತಿಳಿಯುವ ದಾರಿ ಸುಲಭ. ಯಂತ್ರ ಚಾಲೂ ಮಾಡಿ `Ctrl+Shift+Esc` ಒತ್ತಿ, ಟಾಸ್ಕ್ ಮ್ಯಾನೇಜರಿನ `Performance` ಪುಟದಲ್ಲಿ ಪ್ರೊಸೆಸರಿನ ಹೆಸರು ಓದಿ. `i5-8250U` ಅಥವಾ `i5-8350U` ಎಂದಿರಬೇಕು. ಅಡ್ಡಗೆರೆಯ ನಂತರದ 8 ಎಂಬ ಅಂಕಿಯೇ ಪೀಳಿಗೆಯ ಗುರುತು. ಹೊರಗಿನ ಮುಚ್ಚಳದ ಮೇಲೆ ಏನು ಬರೆದಿದೆ ಎಂಬುದಕ್ಕೆ ಬೆಲೆ ಕೊಡಬೇಡಿ.

ಅದೇ ಪುಟ ಇನ್ನೊಂದು ಪರೀಕ್ಷೆಗೂ ಒದಗುತ್ತದೆ. ಯಂತ್ರಕ್ಕೆ ಹತ್ತು ನಿಮಿಷ ಬಿಡುವಿಲ್ಲದ ಕೆಲಸ ಕೊಡಬೇಕು. ನಾನು ಪೆನ್‌ಡ್ರೈವಿನಲ್ಲಿ ಒಯ್ದಿದ್ದ ದೊಡ್ಡ ಫೋಲ್ಡರನ್ನು ಯಂತ್ರಕ್ಕೆ ನಕಲು ಮಾಡಿ ಕುಗ್ಗಿಸಲು ಹಚ್ಚಿದೆ. ಆಗ `Speed` ಎಂಬಲ್ಲಿ ಕಾಣುವ ಅಂಕಿ ಮೊದಲು ಮೂರು ಗಿಗಾಹರ್ಟ್ಸ್ ಮೇಲೆ ಹೋಗಿ, ಬಿಸಿಯೇರಿದಂತೆ ಎರಡೂವರೆಯ ಆಸುಪಾಸಿಗೆ ಇಳಿಯುತ್ತದೆ. ಇದು ಸಹಜ. ಆದರೆ 8250U ಪ್ರೊಸೆಸರಿನ ಮೂಲವೇಗವಾದ 1.6ಕ್ಕಿಂತಲೂ ಕೆಳಗಿಳಿದು ಅಲ್ಲೇ ಕುಳಿತರೆ, ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿದೆ ಇಲ್ಲವೇ ಫ್ಯಾನಿನಲ್ಲಿ ಧೂಳು ಕಟ್ಟಿದೆ ಎಂದು ತಿಳಿಯಬೇಕು. ಎರಡಕ್ಕೂ ಔಷಧವಿದೆ. ಆದರೆ ಅದನ್ನು ಅಂಗಡಿಯವನೇ ಮಾಡಿಕೊಡಲಿ.

ನಾವು ಕೊಂಡ ಯಂತ್ರದಲ್ಲಿ 8 ಜಿ.ಬಿ. ರ‍್ಯಾಮ್ ಇತ್ತು. ವಿಂಡೋಸ್ 11, ಬ್ರೌಸರಿನ ಹತ್ತು ಹನ್ನೆರಡು ಪುಟಗಳು, ಜೊತೆಗೆ ಜಾವಾ ಬರೆಯುವ ತಂತ್ರಾಂಶ ಇಷ್ಟು ತೆರೆದರೆ ಅದು ತುಂಬಿಹೋಗಿ ಯಂತ್ರ ತೆವಳುತ್ತಿತ್ತು. ಟಿ480ರಲ್ಲಿ ರ‍್ಯಾಮ್ ಹಾಕಲು ಎರಡು ಸ್ಲಾಟ್‌ಗಳಿವೆ. ಇನ್ನೊಂದು 8 ಜಿ.ಬಿ. ಡಿ.ಡಿ.ಆರ್.4 ತುಂಡು ಸೇರಿಸಿದ ಮೇಲೆ ಆ ತೊಂದರೆ ಹೋಯಿತು. ಇಂದಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಕೊಳ್ಳುವ ದಿನ ಎಷ್ಟಿತ್ತೋ ಅಷ್ಟೇ ಕೊನೆಯವರೆಗೆ.

ಮಿತಿಯನ್ನೂ ಹೇಳಬೇಕು. ಪೈಥಾನ್, ಜಾವಾ, ಡೇಟಾಬೇಸ್, ಎಕ್ಸೆಲ್, ಆನ್‌ಲೈನ್ ಪಾಠ ಇವಕ್ಕೆ ಈ ಯಂತ್ರ ಸಾಕು. ಆರ್ಕಿಟೆಕ್ಚರ್ ಓದುವವರ ಮೂರು ಆಯಾಮದ ಚಿತ್ರ, ದೊಡ್ಡ ವಿಡಿಯೋ ಸಂಕಲನ, ಹೊಸ ಆಟಗಳು ಇದರ ಕೈಲಾಗುವುದಿಲ್ಲ. ಅಂಥವರು ಹೊಸದನ್ನೇ ಕೊಳ್ಳುವುದು ಮೇಲು.

ತೂಕ ಮತ್ತು ಬ್ಯಾಟರಿ: ಒಂದೇ ಲೆಕ್ಕ

ಬೊರಿವಲಿಯಿಂದ ದಿನವೂ ಲೋಕಲಿನಲ್ಲಿ ಹೋಗುವವರಿಗೆ ಅರ್ಧ ಕಿಲೋ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಬೆಳಗಿನ ಗಾಡಿಯಲ್ಲಿ ಚೀಲವನ್ನು ಎದೆಗೆ ಅಪ್ಪಿಕೊಂಡು ನಿಲ್ಲಬೇಕು. ಜಾಹೀರಾತಿನಲ್ಲಿ ಬರೆದ ತೂಕ ಯಂತ್ರದ್ದು ಮಾತ್ರ. ಹುಡುಗಿ ಹೊರುವುದು ಯಂತ್ರ, ಚಾರ್ಜರ್, ವಯರು ಎಲ್ಲವನ್ನೂ.

ಟಿ480ಕ್ಕೆ ಎರಡು ಬ್ಯಾಟರಿಗಳಿವೆ. ಒಂದು ಒಳಗೆ, 24 ವಾಟ್-ಅವರ್‌ನದ್ದು. ಇನ್ನೊಂದು ಹಿಂಬದಿಯಲ್ಲಿ, ಚಿಲಕ ಸರಿಸಿದರೆ ಕೈಗೆ ಬರುವಂಥದ್ದು. ಹೊರಗಿನದು 24ರ ಚಿಕ್ಕದೂ ಸಿಗುತ್ತದೆ, 72ರ ದಪ್ಪದೂ ಸಿಗುತ್ತದೆ. ಯಂತ್ರ ಮೊದಲು ಹೊರಗಿನದನ್ನು ಬಳಸುತ್ತದೆ. ಅದು ಬರಿದಾದರೆ ಯಂತ್ರ ನಡೆಯುತ್ತಿರುವಾಗಲೇ ತೆಗೆದು ಬೇರೆಯದನ್ನು ಹಾಕಬಹುದು, ಒಳಗಿನದು ಅಷ್ಟು ಹೊತ್ತು ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ಮರುವರ್ಷದ ಟಿ490ರಲ್ಲಿ ಈ ಅನುಕೂಲ ಇಲ್ಲವಾಯಿತು.

ಹಳೆಯ ಯಂತ್ರದ ಬ್ಯಾಟರಿ ಎಷ್ಟು ಸವೆದಿದೆ ಎಂದು ಅಂಗಡಿಯವನನ್ನು ಕೇಳಿದರೆ "ಒಳ್ಳೇ ಬ್ಯಾಕಪ್ ಇದೆ" ಎನ್ನುತ್ತಾನೆ. ಕೇಳುವ ಅಗತ್ಯವೇ ಇಲ್ಲ. ಕಮ್ಯಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ:

```
powercfg /batteryreport
```

ಒಂದು ವರದಿ ತಯಾರಾಗುತ್ತದೆ, ಅದನ್ನು ಬ್ರೌಸರಿನಲ್ಲಿ ತೆರೆಯಿರಿ. `DESIGN CAPACITY` ಎಂದರೆ ಹುಟ್ಟಿದಾಗ ಇದ್ದ ಶಕ್ತಿ. `FULL CHARGE CAPACITY` ಎಂದರೆ ಇಂದು ಉಳಿದಿರುವ ಶಕ್ತಿ. ನಮ್ಮ ಯಂತ್ರದಲ್ಲಿ ಒಳಗಿನ ಬ್ಯಾಟರಿ 24ರಲ್ಲಿ 16 ಉಳಿಸಿಕೊಂಡಿತ್ತು. ಹೊರಗಿನ ಚಿಕ್ಕದು 24ರಲ್ಲಿ ಒಂಬತ್ತೂವರೆಗೆ ಇಳಿದಿತ್ತು. ಎರಡೂ ಸೇರಿ ಇಪ್ಪತ್ತೈದೂವರೆ ವಾಟ್-ಅವರ್. ಸಾಧಾರಣ ಓದು ಬರಹಕ್ಕೆ ಈ ಯಂತ್ರ ಗಂಟೆಗೆ ಸುಮಾರು 8 ವಾಟ್-ಅವರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ, ಮೂರು ಗಂಟೆ ಹತ್ತು ನಿಮಿಷ. ಕಾಲೇಜಿನ ದಿನಕ್ಕೆ ಅದು ಸಾಲದು.

ಹೊರಗಿನದನ್ನು ತೆಗೆದು ಹೊಸದಾದ 72ರದನ್ನು ಹಾಕಿದರೆ ಲೆಕ್ಕ ಹೀಗಾಗುತ್ತದೆ: 16 ಕೂಡಿಸು 72, ಒಟ್ಟು 88. ಅದನ್ನು 8ರಿಂದ ಭಾಗಿಸಿದರೆ 11 ಗಂಟೆ. ಆನ್‌ಲೈನ್ ಪಾಠ, ವಿಡಿಯೋ ಸೇರಿದ ನಿಜವಾದ ದಿನದಲ್ಲಿ ಹುಡುಗಿಗೆ ಎಂಟು ಗಂಟೆ ಸಿಗುತ್ತಿದೆ.

ಈಗ ತೂಕಕ್ಕೆ ಬರೋಣ. ಚಿಕ್ಕ ಬ್ಯಾಟರಿಯೊಂದಿಗೆ ಯಂತ್ರ ಸುಮಾರು 1.6 ಕಿಲೋ. ಚಾರ್ಜರ್ ಮತ್ತು ವಯರು ಸುಮಾರು 300 ಗ್ರಾಂ. ಒಟ್ಟು 1.9. ದೊಡ್ಡ ಬ್ಯಾಟರಿ ಹಾಕಿದರೆ ಯಂತ್ರವೇ 1.8 ಕಿಲೋ ಆಗುತ್ತದೆ, ಆದರೆ ಚಾರ್ಜರ್ ಮನೆಯಲ್ಲೇ ಉಳಿಯುತ್ತದೆ. ಬ್ಯಾಟರಿ ದಪ್ಪವಾದಷ್ಟೂ ಚೀಲ ಹಗುರವಾಯಿತು. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೋರಿಸುವವರೆಗೆ ತಂಗಿ ಇದನ್ನು ನಂಬಲಿಲ್ಲ. ಆದರೂ 2020ರ ಎಂ1 ಮ್ಯಾಕ್‌ಬುಕ್ ಏರ್ 1.29 ಕಿಲೋ ಮಾತ್ರ, ಅದೂ ದಿನವಿಡೀ ನಡೆಯುತ್ತದೆ. ತೂಕವೇ ಮೊದಲ ಮಾತಾದವರಿಗೆ ಟಿ480 ಭಾರವೇ ಸರಿ.

ಲೋಕಲಿನವರಿಗೆ ಇನ್ನೊಂದು ಮಾತು. ರಿಪೇರಿಗೆ ಬರುವ ಒಡೆದ ಪರದೆಗಳಲ್ಲಿ ಬಿದ್ದು ಒಡೆದವು ಕೆಲವು, ಅದುಮಿ ಒಡೆದವು ಹಲವು. ಚೀಲದಲ್ಲಿ ಮುಚ್ಚಳಕ್ಕೆ ತಾಗಿ ಚಾರ್ಜರಿನ ಗಟ್ಟಿ ಡಬ್ಬಿ ಇದ್ದು, ದಾದರಿನಲ್ಲಿ ಜನ ಒತ್ತಿದರೆ ಆ ಒಂದು ಜಾಗದಲ್ಲಿ ಪರದೆ ಸೀಳುತ್ತದೆ. ಚಾರ್ಜರಿಗೆ ಬೇರೆ ಜೇಬು ಇರಲಿ, ಮುಚ್ಚಳದ ಕಡೆ ಮೆತ್ತಗಿನ ನೋಟ್‌ಬುಕ್ ಇರಲಿ.

ಒಳಗಿನ ಬ್ಯಾಟರಿ ಉಬ್ಬಿದೆಯೇ ಎಂದೂ ನೋಡಬೇಕು. ಯಂತ್ರವನ್ನು ಸಮತಟ್ಟಾದ ಮೇಜಿನ ಮೇಲಿಟ್ಟಾಗ ಅದು ಅಲುಗಿದರೆ, ಅಂಗೈ ಊರುವ ಜಾಗ ಎದ್ದಿದ್ದರೆ, ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಗಿದ್ದರೆ ಕೊಳ್ಳಬೇಡಿ. ಉಬ್ಬಿದ ಬ್ಯಾಟರಿ ಬೆಂಕಿಗೆ ಕಾರಣವಾಗಬಲ್ಲದು.

ಕೀಲಿಮಣೆ: ಕನ್ನಡ ಬರೆದು ನೋಡಿ

ಬೆರಳಿಟ್ಟರೆ ತಿಳಿಯುವ ಸುಖವೊಂದು ಈ ಕೀಲಿಮಣೆಗಿದೆ. ಕೀಲಿ ಸುಮಾರು 1.8 ಮಿಲಿಮೀಟರ್ ಆಳಕ್ಕೆ ಇಳಿದು, ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ. ಆದರೆ ಹಳೆಯ ಯಂತ್ರದಲ್ಲಿ ಎಲ್ಲ ಕೀಲಿಗಳೂ ಒಂದೇ ರೀತಿ ಇರುವುದಿಲ್ಲ. ಕಚೇರಿಯಲ್ಲಿ ಹೆಚ್ಚು ಬಳಕೆಯಾದ ಸ್ಪೇಸ್, ಎಂಟರ್, ಎಡಗಡೆಯ ಶಿಫ್ಟ್ ಮೊದಲು ಸಡಿಲವಾಗುತ್ತವೆ.

ಪರೀಕ್ಷೆಗೆ ನಾನು ಹುಡುಗಿಯ ಕೈಯಲ್ಲಿ ಕನ್ನಡ ಬರೆಯಿಸಿದೆ. ಅವಳಿಗೆ ಅಜ್ಜಿ ಕಲಿಸಿದ ಕನ್ನಡ ಓದಲು ಬರುತ್ತದೆ, ಕಂಪ್ಯೂಟರಿನಲ್ಲಿ ಬರೆದಿರಲಿಲ್ಲ. ನುಡಿ ತಂತ್ರಾಂಶದ ಕೀಲಿವಿನ್ಯಾಸದಲ್ಲಿ `knfnw` ಎಂದು ಒತ್ತಿದರೆ 'ಕನ್ನಡ' ಮೂಡುತ್ತದೆ. ಇಲ್ಲಿ `f` ಎಂಬುದು ಒತ್ತಕ್ಷರ ಕೂಡಿಸುವ ಕೊಂಡಿ. `k` ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಅಲ್ಪಪ್ರಾಣ ಮಹಾಪ್ರಾಣಗಳ ನಡುವೆ ಶಿಫ್ಟ್ ಓಡಾಡುತ್ತಲೇ ಇರಬೇಕಾದ್ದರಿಂದ, ಅದು ಸಡಿಲವಾಗಿದ್ದರೆ ಒಂದು ಪುಟ ಬರೆಯುವಷ್ಟರಲ್ಲಿ ತಿಳಿಯುತ್ತದೆ. ಈ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾವ್ ಅವರು ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು ಎಂದಾಗ ಹುಡುಗಿಗೆ ಅಚ್ಚರಿಯಾಯಿತು.

ಒಂದು ಕಿರಿಕಿರಿ ಇದೆ. ಎಡ ಮೂಲೆಯಲ್ಲಿ ಕಂಟ್ರೋಲ್ ಇರಬೇಕಾದ ಜಾಗದಲ್ಲಿ ಇದರಲ್ಲಿ `Fn` ಕೀಲಿ ಇದೆ. ಮೊದಲ ವಾರ ಹುಡುಗಿ ನಕಲು ಮಾಡಲು ಹೋದಾಗಲೆಲ್ಲ ಏನೂ ಆಗದೆ ಬೈದುಕೊಂಡಳು. ಯಂತ್ರ ಶುರುವಾಗುವಾಗ `F1` ಒತ್ತಿ ಬಯಾಸ್ ತೆರೆದರೆ, ಕೀಲಿಮಣೆಯ ವಿಭಾಗದಲ್ಲಿ ಇವೆರಡನ್ನೂ ಅದಲುಬದಲು ಮಾಡುವ ಆಯ್ಕೆ ಇದೆ. ಮಾಡಿಕೊಟ್ಟೆ.

ಚಹಾ ಚೆಲ್ಲಿದರೆ? ಕೀಲಿಮಣೆಯ ಕೆಳಗೆ ದ್ರವ ಹರಿದುಹೋಗಲು ರಂಧ್ರಗಳಿವೆ. ಅರ್ಧ ಲೋಟ ಕಟಿಂಗ್ ಚಹಾಕ್ಕೆ ಅವು ನೆರವಾದಾವು. ಆದರೂ ತಕ್ಷಣ ಯಂತ್ರ ಆರಿಸಿ, ಚಾರ್ಜರ್ ಮತ್ತು ಹೊರಗಿನ ಬ್ಯಾಟರಿ ತೆಗೆದು ರಿಪೇರಿಯವನಲ್ಲಿಗೆ ಒಯ್ಯಬೇಕು. ಸಕ್ಕರೆ ಒಳಗೆ ಒಣಗಿದ ಮೇಲೆ ಕೀಲಿಗಳು ಅಂಟುತ್ತವೆ. ಒಳ್ಳೆಯ ಸುದ್ದಿಯೆಂದರೆ ಈ ಮಾದರಿಯಲ್ಲಿ ಮದರ್‌ಬೋರ್ಡ್ ಕಳಚದೆ ಕೀಲಿಮಣೆಯನ್ನಷ್ಟೇ ಮೇಲಿನಿಂದ ತೆಗೆದು ಹೊಸದನ್ನು ಕೂರಿಸಬಹುದು. ಎಷ್ಟೋ ತೆಳು ಯಂತ್ರಗಳಲ್ಲಿ ಕೀಲಿಮಣೆ ಮೇಲ್ಭಾಗದ ಚೌಕಟ್ಟಿಗೇ ಅಂಟಿರುತ್ತದೆ, ಒಂದು ಕೀಲಿ ಹಾಳಾದರೂ ಇಡೀ ಚೌಕಟ್ಟಿನ ಬೆಲೆ ತೆರಬೇಕು.

ರಿಪೇರಿ: ಕೊಳ್ಳುವ ದಿನವೇ ಕೇಳಬೇಕಾದ ಪ್ರಶ್ನೆ

ಎರಡನೇ ಅಂಗಡಿಯಲ್ಲಿ ನಾವು ಬಹುತೇಕ ಕೊಂಡೇಬಿಟ್ಟಿದ್ದೆವು. ಯಂತ್ರ ಹೊಳೆಯುತ್ತಿತ್ತು, ಬೆಲೆ ಹದಿನೆಂಟು ಸಾವಿರ. ಮತ್ತೆ ಶುರು ಮಾಡಿ `F1` ಒತ್ತಿದಾಗ ಪಾಸ್‌ವರ್ಡ್ ಕೇಳಿತು. ಹಿಂದೆ ಬಳಸುತ್ತಿದ್ದ ಕಚೇರಿಯವರು ಹಾಕಿದ ಸೂಪರ್‌ವೈಸರ್ ಪಾಸ್‌ವರ್ಡ್ ಅದು. "ವಿಂಡೋಸ್ ನಡೆಯುತ್ತದಲ್ಲ, ಅದರಿಂದ ನಿಮಗೇನು?" ಎಂದು ಅಂಗಡಿಯವನು ಕೇಳಿದ. ನಡೆಯುತ್ತದೆ, ನಿಜ. ಆದರೆ ಬಯಾಸ್‌ನ ಯಾವ ಆಯ್ಕೆಯನ್ನೂ ಬದಲಿಸಲಾಗುವುದಿಲ್ಲ. ಒಳಗಿನ ಬಟನ್ ಸೆಲ್ ತೆಗೆದರೂ ಈ ಪಾಸ್‌ವರ್ಡ್ ಹೋಗುವುದಿಲ್ಲ, ಕಂಪನಿಯ ಅಧಿಕೃತ ಪರಿಹಾರ ಮದರ್‌ಬೋರ್ಡ್ ಬದಲಿಸುವುದು. ಹುಡುಗಿಗೆ ಬೇಸರವಾಯಿತು. "ಬಿಡು ಮಗಾ, ಬೀಗದ ಕೈ ಇಲ್ಲದ ಮನೆ ಯಾರಾದರೂ ಕೊಳ್ಳುತ್ತಾರಾ?" ಎಂದು ಹೇಳಿ ಎದ್ದು ಬಂದೆವು.

ಮೂರನೇ ಅಂಗಡಿಯ ಯಂತ್ರಕ್ಕೆ ಪಾಸ್‌ವರ್ಡ್ ಇರಲಿಲ್ಲ. ಅಲ್ಲಿ ಇನ್ನೊಂದು ಪರೀಕ್ಷೆ ಮಾಡಿದೆವು. ಟಿ480 ಚಾರ್ಜ್ ಆಗುವುದು ಎಡಬದಿಯ ಎರಡು ಯು.ಎಸ್.ಬಿ.-ಸಿ ಕಿಂಡಿಗಳ ಮೂಲಕ. ಅವುಗಳಲ್ಲಿ ಒಂದು ಥಂಡರ್‌ಬೋಲ್ಟ್ ಕಿಂಡಿ. ಆ ಕಾಲದ ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಥಂಡರ್‌ಬೋಲ್ಟ್ ಫರ್ಮ್‌ವೇರಿನ ತೊಂದರೆಯಿಂದ ಯು.ಎಸ್.ಬಿ.-ಸಿ ಕೈಕೊಡಬಹುದೆಂದು ಲೆನೊವೊ ತಾನೇ ತಿಳಿಸಿ, ತಿದ್ದುಪಡಿ ಹೊರಡಿಸಿತ್ತು. ಆದ್ದರಿಂದ ಎರಡೂ ಕಿಂಡಿಗಳಿಗೆ ಚಾರ್ಜರ್ ಸಿಕ್ಕಿಸಿ, ಚಾರ್ಜ್ ಏರುತ್ತದೆಯೇ ಎಂದು ನೋಡಿದೆವು. ಏರಿತು. ಮನೆಗೆ ಬಂದ ಮೇಲೆ ಮೊದಲ ಕೆಲಸವಾಗಿ ಲೆನೊವೊ ಬೆಂಬಲ ತಾಣದಿಂದ ಆ ತಿದ್ದುಪಡಿ ಹಾಕಿದೆವು.

ವಾರಂಟಿ ಎಂದೋ ಮುಗಿದಿರುತ್ತದೆ. ಅದರ ಬದಲಿಗೆ ಸಿಗುವ ಅನುಕೂಲ ಬೇರೆ. ಈ ಮಾದರಿಯ ಪ್ರತಿ ಭಾಗವನ್ನು ಹೇಗೆ ಕಳಚಬೇಕೆಂಬ ಚಿತ್ರಸಹಿತ ಕೈಪಿಡಿಯನ್ನು ಕಂಪನಿಯೇ ಉಚಿತವಾಗಿ ಕೊಟ್ಟಿದೆ. ಬಿಡಿಭಾಗಗಳ ಮೇಲೆ ಎಫ್.ಆರ್.ಯು. ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಆ ಸಂಖ್ಯೆ ಬರೆದುಕೊಂಡು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಸರಿಯಾದ ಭಾಗ ಹುಡುಕುವುದು ಸುಲಭ. ಸಾವಿರಾರು ಕಚೇರಿ ಯಂತ್ರಗಳು ಮಾರುಕಟ್ಟೆಗೆ ಬಂದಿರುವುದರಿಂದ ಹಳೆಯ ಭಾಗಗಳಿಗೂ ಬರವಿಲ್ಲ. ಒಳಗೆ ಕೈ ಹಾಕುವ ಮುಂಚೆ ಬಯಾಸ್‌ನಲ್ಲಿ `Disable Built-in Battery` ಆರಿಸಿ ಒಳಬ್ಯಾಟರಿಯನ್ನು ನಿಲ್ಲಿಸುವುದನ್ನು ಮಾತ್ರ ಮರೆಯಬೇಡಿ. ಹೊರಗಿನದನ್ನು ತೆಗೆದರೂ ಒಳಗಿನದು ಬೋರ್ಡಿಗೆ ವಿದ್ಯುತ್ ಕೊಡುತ್ತಲೇ ಇರುತ್ತದೆ.

ಪ್ರೊಸೆಸರ್ ಮದರ್‌ಬೋರ್ಡಿಗೆ ಬೆಸೆದಿರುತ್ತದೆ. ಆ ಬೋರ್ಡೇ ಹೋದರೆ ದುಡ್ಡು ಸುರಿಯುವುದು ಬೇಡ. ಅದರ ವೆಚ್ಚ ಇನ್ನೊಂದು ಹಳೆಯ ಯಂತ್ರದ ಬೆಲೆಯ ಹತ್ತಿರ ಬರುತ್ತದೆ. ರ‍್ಯಾಮ್, ಡಿಸ್ಕ್, ದೊಡ್ಡ ಬ್ಯಾಟರಿ ಮೂರನ್ನೂ ತೆಗೆದು ಮುಂದಿನ ಟಿ480ಕ್ಕೆ ಹಾಕಿಕೊಳ್ಳಬಹುದು.

ಲೆಕ್ಕ ಒಪ್ಪಿಸುತ್ತೇನೆ. ಯಂತ್ರಕ್ಕೆ ಹತ್ತೊಂಬತ್ತು ಸಾವಿರ ಕೊಟ್ಟೆವು. ರ‍್ಯಾಮ್ ಮತ್ತು ದೊಡ್ಡ ಬ್ಯಾಟರಿ ಸೇರಿ ಇಪ್ಪತ್ತೈದಕ್ಕೆ ಇನ್ನೂರು ಕಡಿಮೆ. ಸೀರಿಯಲ್ ಸಂಖ್ಯೆ ಬರೆದ ಜಿ.ಎಸ್.ಟಿ. ಬಿಲ್ಲು, ಮೂರು ತಿಂಗಳ ಗ್ಯಾರಂಟಿಯನ್ನು ಅದೇ ಬಿಲ್ಲಿನ ಮೇಲೆ ಬರೆಸಿಕೊಂಡೆವು. ಬಾಯಿಮಾತಿನ ಗ್ಯಾರಂಟಿ ಗ್ರಾಂಟ್‌ರೋಡ್ ನಿಲ್ದಾಣದ ಸೇತುವೆ ದಾಟುವಷ್ಟರಲ್ಲಿ ಮುಗಿದಿರುತ್ತದೆ.

ಕೊರತೆಗಳನ್ನು ಹುಡುಗಿಯೇ ಪಟ್ಟಿ ಮಾಡಿದ್ದಾಳೆ. ಪರದೆ ಮಂಕು, ಬಿಸಿಲು ಬೀಳುವ ಕಡೆ ಕುಳಿತರೆ ಕಾಣುವುದಿಲ್ಲ. ಕ್ಯಾಮೆರಾದಲ್ಲಿ ಮುಖ ಮಸುಕು. ಗೆಳತಿಯರ ಯಂತ್ರಗಳ ಪಕ್ಕದಲ್ಲಿ ಇದು ಹಳೆಯ ಕಾಲದ ಟಿಫಿನ್ ಡಬ್ಬಿಯಂತೆ ಕಾಣುತ್ತದೆ. ಎಲ್ಲವೂ ನಿಜ. ಪ್ರಾಜೆಕ್ಟ್ ಮಾತ್ರ ಗಡುವಿಗೆ ಎರಡು ದಿನ ಮುಂಚೆಯೇ ಒಪ್ಪಿಸಿದಳು. ಕಂತು ಕಟ್ಟುವ ಚಿಂತೆ ತಪ್ಪಿದ ಭಾವ ಈ ಬೇಸಿಗೆಗೆ ನಾಲ್ಕು ವರ್ಷಗಳ ನಂತರ ಊರಿಗೆ ಟಿಕೆಟ್ ತೆಗೆಸಿದ್ದಾರೆ.